ಕೊನೆಯ ಲೆಕ್ಕದ ಹಾಳೆ: ರಜೆ ಎಷ್ಟು, ದರ ಯಾವುದು, ಭಾಗಿಸಿದ್ದು ಯಾವುದರಿಂದ?

ಖಾಸಗಿ ಕಂಪನಿಯಲ್ಲಿ ಕೆಲಸ ಬಿಟ್ಟವರಿಗೆ ಕೊನೆಗೆ ಬರುವುದು ಒಂದು ಪುಟದ ಪಿಡಿಎಫ್. ಮೇಲೆ ‘ಫುಲ್ ಆ್ಯಂಡ್ ಫೈನಲ್ ಸೆಟಲ್‌ಮೆಂಟ್’ ಎಂದಿರುತ್ತದೆ. ಎಡಗಡೆ ಕೊಡಬೇಕಾದದ್ದು, ಬಲಗಡೆ ಹಿಡಿದುಕೊಂಡದ್ದು, ಕೆಳಗೆ ದಪ್ಪಕ್ಷರದಲ್ಲಿ ಒಂದು ಮೊತ್ತ. ಹೆಚ್ಚಿನವರು ನೋಡುವುದು ಆ ದಪ್ಪಕ್ಷರವನ್ನು ಮಾತ್ರ. ಹೊಸ ಕೆಲಸದ ಗಡಿಬಿಡಿ, ಹಳೆಯ ಆಫೀಸಿನವರ ಜೊತೆ ಮತ್ತೆ ಜಗಳ ಯಾಕೆ ಎಂಬ ಸಂಕೋಚ, ಜೊತೆಗೆ ರಿಲೀವಿಂಗ್ ಲೆಟರ್ ತಡವಾದೀತು ಎಂಬ ಅಂಜಿಕೆ. ಇದೆಲ್ಲ ಸೇರಿ, ಬಂದಷ್ಟು ಬಂತು ಎಂದು ‘ಒಪ್ಪಿದ್ದೇನೆ’ ಬಟನ್ ಒತ್ತಿಬಿಡುತ್ತಾರೆ.

ಈ ಹಾಳೆಯಲ್ಲಿ ತಪ್ಪುಗಳು ಬರುವುದು ಸಾಮಾನ್ಯ. ಅದಕ್ಕೆ ಯಾರದೋ ದುರುದ್ದೇಶವೇ ಕಾರಣವಾಗಬೇಕಿಲ್ಲ. ತಿಂಗಳ ಸಂಬಳದ ಲೆಕ್ಕ ವರ್ಷಗಟ್ಟಲೆ ಒಂದೇ ಅಚ್ಚಿನಲ್ಲಿ ಓಡುತ್ತಿರುತ್ತದೆ, ಹಾಗಾಗಿ ಅದರಲ್ಲಿ ತಪ್ಪು ಕಡಿಮೆ. ಕೊನೆಯ ಲೆಕ್ಕ ಹಾಗಲ್ಲ. ಪ್ರತಿಯೊಬ್ಬರದೂ ಬೇರೆ ದಿನಾಂಕ, ಬೇರೆ ರಜೆ, ಬೇರೆ ನೋಟಿಸ್ ಅವಧಿ. ಒಂದಿಷ್ಟನ್ನು ಪೇರೋಲ್ ಸಾಫ್ಟ್‌ವೇರ್ ಮಾಡುತ್ತದೆ, ಉಳಿದದ್ದನ್ನು ಹೆಚ್‌ಆರ್ ವಿಭಾಗದವರು ಕೈಯಾರೆ ತುಂಬುತ್ತಾರೆ. ಇವೆರಡೂ ಕೂಡುವ ಜಾಗದಲ್ಲೇ ಹಣ ಸೋರುತ್ತದೆ, ಅದರಲ್ಲೂ ‘ಲೀವ್ ಎನ್‌ಕ್ಯಾಶ್‌ಮೆಂಟ್’ ಎಂಬ ಸಾಲಿನಲ್ಲಿ, ಅಂದರೆ ಬಳಸದೆ ಉಳಿಸಿದ ರಜೆಗೆ ಕೊಡುವ ಹಣದಲ್ಲಿ.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಖಾಸಗಿ ಕಚೇರಿ. ಅಲ್ಲಿ ಒಬ್ಬ ಯುವತಿ 2022ರ ಜೂನ್ 6ರಂದು ಕೆಲಸಕ್ಕೆ ಸೇರಿದ್ದಾಳೆ. 2026ರ ಜನವರಿ 20ರಂದು ರಾಜೀನಾಮೆ ಇಮೇಲ್ ಕಳಿಸಿದಳು. ಮಾರ್ಚ್ 13, ಶುಕ್ರವಾರ ಅವಳ ಕೊನೆಯ ದಿನ. ತಿಂಗಳ ಒಟ್ಟು ಸಂಬಳ 62,000 ರೂಪಾಯಿ. ಅದರಲ್ಲಿ ಬೇಸಿಕ್ 31,000, ಮನೆ ಬಾಡಿಗೆ ಭತ್ಯೆ 12,400, ವಿಶೇಷ ಭತ್ಯೆ 18,600.

ಅವಳಿಗೆ ಬಂದ ಹಾಳೆ ಹೀಗಿದೆ. ಮಾರ್ಚ್ ತಿಂಗಳ 13 ದಿನದ ಸಂಬಳ 26,000. ರಜೆ ನಗದು 29.5 ದಿನಕ್ಕೆ 29,500. ಕೊಡಬೇಕಾದದ್ದು ಒಟ್ಟು 55,500. ಕಡಿತದಲ್ಲಿ ಪಿಎಫ್ 5,100, ವೃತ್ತಿ ತೆರಿಗೆ 200, ನೋಟಿಸ್ ಅವಧಿಯ ಕೊರತೆ 10 ದಿನಕ್ಕೆ 20,000. ಕೈಗೆ ಬರುವುದು 30,200. ಎಲ್ಲ ಸಂಖ್ಯೆಗಳೂ ದುಂಡಗೆ, ಕೂಡಿಸಿ ಕಳೆದರೆ ಸರಿಯಾಗೇ ಇವೆ. ಕೂಡುವುದರಲ್ಲಿ ತಪ್ಪು ಮಾಡುವ ಸಾಫ್ಟ್‌ವೇರ್ ಇಲ್ಲ. ತಪ್ಪಿರುವುದು ಅದಕ್ಕೆ ಉಣಿಸಿದ ಅಂಕಿಗಳಲ್ಲಿ.

ಮೊದಲ ಸಾಲು ಸರಿಯಿದೆ. 62,000ವನ್ನು ಮಾರ್ಚಿನ 31 ದಿನಕ್ಕೆ ಭಾಗಿಸಿದರೆ ದಿನಕ್ಕೆ 2,000. ಅದನ್ನು 13ರಿಂದ ಗುಣಿಸಿದರೆ 26,000. ಮುಂದಿನ ಸಾಲು ಒಂದಿಷ್ಟು ಸಮಯ ಕೇಳುತ್ತದೆ.

ರಜೆ ನಗದಿನ ಸೂತ್ರ ಚಿಕ್ಕದು. ತಿಂಗಳ ವೇತನವನ್ನು ಒಂದು ಸಂಖ್ಯೆಯಿಂದ ಭಾಗಿಸಬೇಕು, ಬಂದದ್ದನ್ನು ಉಳಿದ ರಜೆಯ ದಿನಗಳಿಂದ ಗುಣಿಸಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳೂ ಮೂರೇ. ಎಷ್ಟು ದಿನ? ಯಾವ ವೇತನ? ಎಷ್ಟರಿಂದ ಭಾಗಿಸಿದರು? ಹಾಳೆಯಲ್ಲಿ ಇವುಗಳ ಪೈಕಿ ಒಂದೋ ಎರಡೋ ಮಾತ್ರ ಕಾಣುತ್ತವೆ. ಉಳಿದದ್ದನ್ನು ನಾವೇ ಬಿಡಿಸಿ ನೋಡಬೇಕು.

ದಿನಗಳಿಂದ ಶುರು ಮಾಡೋಣ. ನಗದಾಗುವುದು ಸಾಮಾನ್ಯವಾಗಿ ಗಳಿಕೆ ರಜೆ ಮಾತ್ರ. ಕಂಪನಿಗಳಲ್ಲಿ ಇದನ್ನೇ ಪಿಎಲ್ ಅಥವಾ ಇಎಲ್ ಎನ್ನುತ್ತಾರೆ. ಸಿಎಲ್, ಸಿಕ್ ಲೀವ್ ಉಳಿದಿದ್ದರೆ ಹೆಚ್ಚಿನ ಕಡೆ ಅವು ಹಾಗೇ ಲ್ಯಾಪ್ಸ್ ಆಗುತ್ತವೆ. ಕೆಲವು ಕಂಪನಿಗಳು ಎಲ್ಲವನ್ನೂ ಒಂದೇ ಖಾತೆಗೆ ಹಾಕಿರುತ್ತವೆ. ಅಲ್ಲಿ ಎಷ್ಟು ಪಾಲು ನಗದಾಗುತ್ತದೆ ಎಂಬುದನ್ನು ರಜೆ ಪಾಲಿಸಿಯಲ್ಲೇ ಓದಬೇಕು.

ನಮ್ಮ ಉದಾಹರಣೆಯ ಕಂಪನಿಯಲ್ಲಿ ವರ್ಷಕ್ಕೆ 18 ಪಿಎಲ್, ಅಂದರೆ ತಿಂಗಳಿಗೆ ಒಂದೂವರೆ ದಿನ ಜಮೆ. 15ನೇ ತಾರೀಖಿಗೆ ಮೊದಲು ಹೊರಟವರಿಗೆ ಆ ತಿಂಗಳ ಜಮೆ ಇಲ್ಲ. ಡಿಸೆಂಬರ್ ಪೇಸ್ಲಿಪ್ಪಿನಲ್ಲಿ ಅವಳ ಬಾಕಿ 31.5 ದಿನ ಎಂದಿತ್ತು. ಜನವರಿ, ಫೆಬ್ರವರಿ ಸೇರಿ 3 ದಿನ ಜಮೆಯಾಯಿತು. ಸಂಕ್ರಾಂತಿಗೆ ಊರಿಗೆ ಹೋದಾಗ ಶುಕ್ರವಾರ 16, ಸೋಮವಾರ 19 ಹೀಗೆ ಎರಡು ದಿನ ರಜೆ ಹಾಕಿದ್ದಳು. 31.5ಕ್ಕೆ 3 ಕೂಡಿಸಿ 2 ಕಳೆದರೆ 32.5. ಹಾಳೆ ಹೇಳುತ್ತಿರುವುದು 29.5. ಮೂರು ದಿನ ಎಲ್ಲಿ ಹೋದವು?

ರಜೆ ಖಾತೆಯನ್ನು ಸಾಲು ಸಾಲಾಗಿ ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ಫೆಬ್ರವರಿ 18ರಿಂದ 20ರವರೆಗೆ ಮೂರು ದಿನ ರಜೆ ಕೇಳಿದ್ದಳು, ಮ್ಯಾನೇಜರ್ ಮಂಜೂರು ಮಾಡಿದ್ದರು. ಆಮೇಲೆ ಕೆಲಸ ಹಸ್ತಾಂತರದ ಒತ್ತಡ ಬಂತು. “ರಜೆ ಕ್ಯಾನ್ಸಲ್ ಮಾಡ್ಕೊಳ್ಳಿ, ಪ್ಲೀಸ್” ಎಂದು ಅವರೇ ಕೇಳಿಕೊಂಡರು. ಅವಳು ಆಫೀಸಿಗೆ ಬಂದಳು, ದುಡಿದಳು. ಆದರೆ ಪೋರ್ಟಲ್‌ನಲ್ಲಿ ರದ್ದತಿಯ ಕೋರಿಕೆಗೆ ಯಾರೂ ಒಪ್ಪಿಗೆ ಒತ್ತಲಿಲ್ಲ. ಕಾರ್ಡ್ ಸ್ವೈಪ್ ಮಾಡಿದ ದಾಖಲೆಯಲ್ಲಿ ಅವಳು ಹಾಜರು, ರಜೆ ಖಾತೆಯಲ್ಲಿ ಗೈರು. ಕೇಳಿದರೆ “ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ ಮೇಡಂ” ಎಂಬ ಉತ್ತರ ಬರುತ್ತದೆ. ಸಿಸ್ಟಮ್‌ಗೆ ಸಿಸ್ಟಮ್‌ನಿಂದಲೇ ಉತ್ತರ ಕೊಡಬೇಕು. ಆ ಮೂರು ದಿನದ ಹಾಜರಿ ದಾಖಲೆ, ಮ್ಯಾನೇಜರ್ ಕಳಿಸಿದ ಸಂದೇಶ, ಎರಡನ್ನೂ ಇಟ್ಟರೆ ಈ ವಾದ ಮುಗಿಯುತ್ತದೆ.

ದಿನಗಳು ಕಾಣೆಯಾಗುವ ದಾರಿಗಳು ಬೇರೆಯೂ ಇವೆ. ಹುಷಾರಿಲ್ಲದೆ ಹಾಕಿದ ರಜೆಗೆ ವೈದ್ಯರ ಚೀಟಿ ಅಪ್‌ಲೋಡ್ ಆಗಿಲ್ಲವೆಂದು ಅದನ್ನು ಪಿಎಲ್‌ಗೆ ತಿರುಗಿಸಿರುತ್ತಾರೆ. ವರ್ಷದ ಕೊನೆಯಲ್ಲಿ ಹಿಂದಿನ ಬಾಕಿಯನ್ನು ಮುಂದಕ್ಕೆ ಒಯ್ಯುವಾಗ ಮಿತಿ ಮೀರಿದ್ದನ್ನು ಕತ್ತರಿಸಿರುತ್ತಾರೆ. ಈ ಮಿತಿಯ ವಿಷಯದಲ್ಲಿ ಒಂದು ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ನಮ್ಮ ಐಟಿ ಕಂಪನಿಗಳು, ಖಾಸಗಿ ಕಚೇರಿಗಳು ಇದರ ಅಡಿಗೇ ಬರುತ್ತವೆ. ಇದರ ಪ್ರಕಾರ 20 ದಿನ ದುಡಿದರೆ ಒಂದು ದಿನ ಸಂಬಳಸಹಿತ ರಜೆ. ಮುಂದಕ್ಕೆ ಒಯ್ಯಬಹುದಾದ ರಜೆಯ ಮಿತಿ ಮೊದಲು 30 ದಿನವಿತ್ತು, 2020ರ ತಿದ್ದುಪಡಿಯಲ್ಲಿ ಅದು 45ಕ್ಕೆ ಏರಿತು. ಕಂಪನಿಯ ಪಾಲಿಸಿ ಪುಸ್ತಕ ಇನ್ನೂ 30ರಲ್ಲೇ ನಿಂತಿದ್ದು, ಅದರಿಂದ ನಿಮ್ಮ ರಜೆ ಕತ್ತರಿಸಿದ್ದರೆ ಅದು ಪ್ರಶ್ನಿಸಬೇಕಾದ ಕತ್ತರಿ.

ಇನ್ನು ಎರಡನೆಯ ಪ್ರಶ್ನೆ, ಯಾವ ವೇತನ. ಬಹುತೇಕ ಖಾಸಗಿ ಕಂಪನಿಗಳು ಬೇಸಿಕ್ ಮೇಲೆ ರಜೆ ನಗದು ಕೊಡುತ್ತವೆ, ಕೆಲವು ಒಟ್ಟು ಸಂಬಳದ ಮೇಲೆ. ಪಾಲಿಸಿಯಲ್ಲಿ ಏನು ಬರೆದಿದೆಯೋ ಅದು ನೋಡಬೇಕಾದ ಮೊದಲ ಸಾಕ್ಷಿ. ಆದರೆ ಅದೇ ಕೊನೆಯ ಮಾತಲ್ಲ. ಕಾನೂನು ಕೊಡುವ ರಜೆಯ ವೇತನವನ್ನು ಬೇಸಿಕ್ ಒಂದಕ್ಕೇ ಕಟ್ಟಿಹಾಕುವ ಪದ್ಧತಿ ಕಂಪನಿಗಳು ರೂಢಿಸಿಕೊಂಡದ್ದು. 1948ರ ಫ್ಯಾಕ್ಟರಿ ಕಾಯ್ದೆ ರಜೆ ವೇತನದ ಬಗ್ಗೆ ಮಾತಾಡುವಾಗ ಹಿಂದಿನ ತಿಂಗಳು ದುಡಿದ ದಿನಗಳ ಪೂರ್ಣ ಗಳಿಕೆಯ ದಿನದ ಸರಾಸರಿ ಎನ್ನುತ್ತಿತ್ತು. ತುಟ್ಟಿಭತ್ಯೆ ಸೇರಿಸಿ, ಓವರ್‌ಟೈಮ್ ಮತ್ತು ಬೋನಸ್ ಬಿಟ್ಟು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ‘ವೇತನ’ ಎಂಬುದಕ್ಕೆ ಒಂದು ನೆಲಗಟ್ಟು ಹಾಕಲಾಗಿದೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಯಂಥ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗ ಮತ್ತೆ ವೇತನಕ್ಕೇ ಸೇರುತ್ತದೆ. ಹಾಗಾಗಿ 62,000 ಸಂಬಳದವಳಿಗೆ 15,000 ಬೇಸಿಕ್ ತೋರಿಸಿ ಎಲ್ಲ ಲೆಕ್ಕವನ್ನೂ ಅದರ ಮೇಲೆ ಮಾಡುವ ಹಳೆಯ ಚಾಳಿ ಇನ್ನು ಸುಲಭವಲ್ಲ. ನಮ್ಮ ಉದಾಹರಣೆಯಲ್ಲಿ ಬೇಸಿಕ್ ಸರಿಯಾಗಿ ಅರ್ಧವಿದೆ, ಪಾಲಿಸಿ ‘ಕೊನೆಯದಾಗಿ ಪಡೆದ ಬೇಸಿಕ್’ ಎಂದಿದೆ. ಅದನ್ನೇ ಹಿಡಿದು ಮುಂದುವರಿಯುತ್ತೇನೆ. ‘ಕೊನೆಯದಾಗಿ ಪಡೆದ’ ಎಂಬುದನ್ನು ಗಮನಿಸಿ. ಇತ್ತೀಚೆಗೆ ಇನ್‌ಕ್ರಿಮೆಂಟ್ ಆಗಿದ್ದರೆ ಹೊಸ ಬೇಸಿಕ್ ಹಿಡಿದಿದ್ದಾರೆಯೇ ಎಂದು ನೋಡಲೇಬೇಕು.

ಮೂರನೆಯದು ಭಾಗಾಕಾರ. ಹೆಚ್ಚು ಜನರ ಕಣ್ಣಿಗೆ ಬೀಳದ, ಆದರೆ ಹೆಚ್ಚು ಹಣ ನುಂಗುವ ಜಾಗ ಇದು. ಹಾಳೆಯಲ್ಲಿ ದರ ಬರೆದಿಲ್ಲ. ಆದರೆ 29,500ನ್ನು 29.5ರಿಂದ ಭಾಗಿಸಿದರೆ ದಿನಕ್ಕೆ 1,000 ಸಿಗುತ್ತದೆ. 31,000 ಬೇಸಿಕ್‌ನಿಂದ 1,000 ಬರಬೇಕಾದರೆ 31ರಿಂದಲೇ ಭಾಗಿಸಿರಬೇಕು. ಅಂದರೆ ಸಾಫ್ಟ್‌ವೇರ್ ಮಾರ್ಚ್ ತಿಂಗಳ ಸಂಬಳಕ್ಕೆ ಬಳಸಿದ 31ನ್ನೇ ರಜೆಗೂ ಬಳಸಿದೆ. ಫೆಬ್ರವರಿಯಲ್ಲಿ ಹೊರಟಿದ್ದರೆ 28ರಿಂದ ಭಾಗಿಸುತ್ತಿತ್ತು! ನಾಲ್ಕು ವರ್ಷದಲ್ಲಿ ಕೂಡಿಟ್ಟ ರಜೆಯ ಬೆಲೆ, ಹೊರಡುವ ತಿಂಗಳು ಯಾವುದು ಎಂಬುದರ ಮೇಲೆ ಏರಿಳಿಯುವುದಕ್ಕೆ ಅರ್ಥವೇ ಇಲ್ಲ. ಕಂಪನಿಯ ಪಾಲಿಸಿಯಲ್ಲಿ ಬರೆದಿರುವುದು 26.

ಈ 26 ಎಲ್ಲಿಂದ ಬಂತು? ತಿಂಗಳ 30 ದಿನದಲ್ಲಿ ನಾಲ್ಕು ವಾರದ ರಜೆ ಕಳೆದರೆ ದುಡಿಮೆಯ ದಿನ 26. ಗ್ರಾಚ್ಯುಟಿ ಕಾನೂನಿನಲ್ಲೂ ತಿಂಗಳ ಸಂಬಳವನ್ನು 26ರಿಂದಲೇ ಭಾಗಿಸುವುದು. ಕೆಲವು ಕಂಪನಿಗಳ ಪಾಲಿಸಿಯಲ್ಲಿ 30 ಎಂದಿರುತ್ತದೆ. ಎರಡರಲ್ಲಿ ಯಾವುದು ನ್ಯಾಯ ಎಂಬುದನ್ನು ಅಳೆಯಲು ನನ್ನ ಮಟ್ಟಿಗೆ ಒಂದೇ ಪ್ರಶ್ನೆ ಸಾಕು. ರಜೆ ಹಾಕಿದಾಗ ನಡುವೆ ಬಂದ ಶನಿವಾರ, ಭಾನುವಾರವನ್ನೂ ರಜೆಯಲ್ಲಿ ಎಣಿಸುತ್ತಿದ್ದರೇ? ಎಣಿಸುತ್ತಿದ್ದರೆ ನಿಮ್ಮ ರಜೆ ಕ್ಯಾಲೆಂಡರ್ ದಿನದ ರಜೆ, 30ರಿಂದ ಭಾಗಿಸುವುದು ಹೊಂದುತ್ತದೆ. ಎಣಿಸುತ್ತಿರಲಿಲ್ಲ ಎಂದಾದರೆ ನೀವು ಉಳಿಸಿದ್ದು ಕೆಲಸದ ದಿನಗಳನ್ನು. ಅದರ ಬೆಲೆಯನ್ನೂ ಕೆಲಸದ ದಿನದ ಲೆಕ್ಕದಲ್ಲೇ ಕಟ್ಟಬೇಕು. ಸಂಕ್ರಾಂತಿಯಲ್ಲಿ ಈ ಯುವತಿ ಶುಕ್ರವಾರ, ಸೋಮವಾರ ರಜೆ ಹಾಕಿದಾಗ ನಡುವಿನ ಎರಡು ದಿನ ಖಾತೆಯಿಂದ ಹೋಗಿರಲಿಲ್ಲ. ಅಲ್ಲಿಗೆ 26 ಎಂಬ ಪಾಲಿಸಿ ಬರೀ ಕಾಗದದ ಮಾತಲ್ಲ, ನಡೆದುಕೊಂಡು ಬಂದ ರೀತಿಗೂ ಹೊಂದುವಂಥದ್ದು.

ಈಗ ಸರಿ ಲೆಕ್ಕ ಹಾಕೋಣ. 31,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,192 ರೂಪಾಯಿ 31 ಪೈಸೆ. 32.5 ದಿನಕ್ಕೆ 38,750. ಹಾಳೆಯಲ್ಲಿದ್ದದ್ದು 29,500. ಈ ಒಂದೇ ಸಾಲಿನಲ್ಲಿ 9,250 ರೂಪಾಯಿ ಕಡಿಮೆ.

ಇನ್ನು ಬಲಗಡೆಗೆ, ಕಡಿತದ ಕಡೆಗೆ. ಮೊದಲು ಪಿಎಫ್. ಅವಳ ಕಂಪನಿ ಪೂರ್ತಿ ಬೇಸಿಕ್ ಮೇಲೆ ಶೇಕಡಾ 12 ಹಿಡಿಯುತ್ತದೆ. ಮಾರ್ಚಿನ 13 ದಿನಕ್ಕೆ ಬೇಸಿಕ್ 13,000, ಅದರ ಶೇ. 12 ಅಂದರೆ 1,560. ಹಾಳೆಯಲ್ಲಿ 5,100 ಇದೆ. 13,000ಕ್ಕೆ ರಜೆ ನಗದಿನ 29,500 ಸೇರಿಸಿ 42,500ರ ಮೇಲೆ ಶೇ. 12 ಹಿಡಿದಿದ್ದಾರೆ. ಇದು ಬಹಳ ಹಳೆಯ ತಕರಾರು. ಸುಪ್ರೀಂ ಕೋರ್ಟ್ ಇದನ್ನು 2008ರಲ್ಲೇ ಬಗೆಹರಿಸಿದೆ. ಮೊಕದ್ದಮೆ ಹೋದದ್ದು ನಮ್ಮ ಕರಾವಳಿಯಿಂದಲೇ, ಮಣಿಪಾಲ ಅಕಾಡೆಮಿ ಆಫ್ ಹೈಯರ್ ಎಜುಕೇಶನ್ ಮತ್ತು ಪಿಎಫ್ ಆಯುಕ್ತರ ನಡುವೆ. ರಜೆ ನಗದು ಎಂಬುದು ಎಲ್ಲ ನೌಕರರಿಗೂ ಒಂದೇ ಸಮನಾಗಿ ಸಿಗುವ ವೇತನವಲ್ಲ, ರಜೆ ಬಳಸದೆ ಉಳಿಸಿದವರಿಗೆ ಮಾತ್ರ ಬರುವಂಥದ್ದು. ಆದ್ದರಿಂದ ಅದು ಪಿಎಫ್ ಲೆಕ್ಕದ ಮೂಲ ವೇತನದಲ್ಲಿ ಸೇರದು ಎಂದು ಕೋರ್ಟು ಹೇಳಿತು. ಹೀಗೆ ಹಿಡಿದ ಹಣ ಪಿಎಫ್ ಖಾತೆಗೆ ನಿಜವಾಗಿಯೂ ಜಮೆಯಾದರೆ ಪೂರ್ತಿ ನಷ್ಟವೇನಲ್ಲ, ಅದು ಅವಳ ಹಣವೇ. ಆದರೆ ಕೈಗೆ ಬರಬೇಕಾದ 3,540 ರೂಪಾಯಿ ಸದ್ಯಕ್ಕೆ ಸಿಕ್ಕಿಕೊಂಡಂತಾಯಿತು. ಹಿಡಿದದ್ದು ಜಮೆಯಾಗಿದೆಯೇ ಎಂಬುದನ್ನೂ ಪಾಸ್‌ಬುಕ್‌ನಲ್ಲಿ ಬೇರೆಯಾಗಿ ನೋಡಬೇಕು.

ವೃತ್ತಿ ತೆರಿಗೆ 200 ಸರಿ. ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳ ಬರುವವರಿಗೆ ಅಷ್ಟು ಕಡಿತ, ಫೆಬ್ರವರಿಯಲ್ಲಿ ಮಾತ್ರ 300.

ನೋಟಿಸ್ ಅವಧಿಯ ಕೊರತೆ ದೊಡ್ಡ ಬಾಬತ್ತು. ನೇಮಕಾತಿ ಪತ್ರದ ಪ್ರಕಾರ 60 ದಿನ ನೋಟಿಸ್ ಕೊಡಬೇಕು. ಜನವರಿ 20ರ ರಾಜೀನಾಮೆಯನ್ನು ಮೊದಲ ದಿನವಾಗಿ ಎಣಿಸಿದರೆ ಜನವರಿಯಲ್ಲಿ 12, ಫೆಬ್ರವರಿಯಲ್ಲಿ 28, ಮಾರ್ಚ್‌ನಲ್ಲಿ 20. ಅಂದರೆ ಮಾರ್ಚ್ 20ಕ್ಕೆ 60 ತುಂಬುತ್ತದೆ. ಅವಳು ಹೊರಟದ್ದು 13ಕ್ಕೆ, ಕೊರತೆ 7 ದಿನ. ಹಾಳೆಯಲ್ಲಿ 10 ಹೇಗಾಯಿತು? ಮ್ಯಾನೇಜರ್ ಪೋರ್ಟಲ್‌ನಲ್ಲಿ ರಾಜೀನಾಮೆಯನ್ನು ‘ಸ್ವೀಕರಿಸಿದ’ ದಿನ ಜನವರಿ 23. ಎಣಿಕೆ ಅಲ್ಲಿಂದ ಶುರುವಾಗಿದೆ. ನೇಮಕಾತಿ ಪತ್ರದಲ್ಲಿ ‘ನೋಟಿಸ್ ಕೊಟ್ಟ ದಿನದಿಂದ’ ಎಂದಿರುವಾಗ ಮ್ಯಾನೇಜರ್ ಮೂರು ದಿನ ತಡವಾಗಿ ಬಟನ್ ಒತ್ತಿದ ದಂಡವನ್ನು ನೌಕರಳು ಕಟ್ಟಬೇಕಿಲ್ಲ. ದಿನಕ್ಕೆ 2,000ದಂತೆ 7 ದಿನಕ್ಕೆ 14,000 ಸಾಕು, 6,000 ಹೆಚ್ಚು ಹಿಡಿದಿದ್ದಾರೆ.

ಇಲ್ಲೊಂದು ವಿಚಿತ್ರ ನೋಡಿ. ಅವಳು ಉಳಿಸಿದ ಒಂದು ದಿನದ ರಜೆಗೆ ಕಂಪನಿ ಕೊಡುವುದು 1,192 ರೂಪಾಯಿ, ಏಕೆಂದರೆ ಅದು ಬೇಸಿಕ್ ಮೇಲಿನ ಲೆಕ್ಕ. ಅವಳು ಕೊಡದೆ ಹೋದ ಒಂದು ದಿನದ ನೋಟಿಸ್‌ಗೆ ಕಂಪನಿ ಕಿತ್ತುಕೊಳ್ಳುವುದು 2,000, ಏಕೆಂದರೆ ಅದು ಒಟ್ಟು ಸಂಬಳದ ಮೇಲಿನ ಲೆಕ್ಕ. ಕೊಡುವಾಗ ಒಂದು ಅಳತೆ, ಪಡೆಯುವಾಗ ಇನ್ನೊಂದು. ನೇಮಕಾತಿ ಪತ್ರಕ್ಕೆ ಸಹಿ ಹಾಕಿದ ಮೇಲೆ ಇದನ್ನು ಪ್ರಶ್ನಿಸುವುದು ಕಷ್ಟ. ಆದರೆ ಇದೇ ವ್ಯತ್ಯಾಸ ಲಾಭಕ್ಕೂ ಬರುತ್ತದೆ. ಅನೇಕ ಕಂಪನಿಗಳು ಮ್ಯಾನೇಜರ್ ಒಪ್ಪಿಗೆಯಿದ್ದರೆ ನೋಟಿಸ್ ಕೊರತೆಯನ್ನು ಉಳಿದ ರಜೆಯಲ್ಲಿ ಹೊಂದಿಸಿಕೊಳ್ಳಲು ಬಿಡುತ್ತವೆ. 7 ದಿನ ಹೀಗೆ ಹೊಂದಿಸಿದರೆ 14,000ದ ಕಡಿತ ತಪ್ಪುತ್ತದೆ, ಬದಲಿಗೆ 8,346 ರೂಪಾಯಿ ರಜೆ ನಗದು ಬಿಟ್ಟುಕೊಡಬೇಕಾಗುತ್ತದೆ. 5,654 ರೂಪಾಯಿ ಉಳಿಯಿತು. ಈ ಮಾತನ್ನು ಕೊನೆಯ ದಿನಕ್ಕೆ ಮೊದಲೇ ಆಡಬೇಕು, ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಹಾಳೆ ಬಂದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ನೋಟಿಸ್ ಕಡಿತದ ಮೇಲೆ ಮತ್ತೆ ಶೇ. 18 ಜಿಎಸ್‌ಟಿ ಸೇರಿಸಿದ ಹಾಳೆ ಕಂಡರೆ ಅದನ್ನು ಒಪ್ಪಬೇಡಿ. ಇಂಥ ವಸೂಲಿಗೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.

ತಿದ್ದಿದ ಹಾಳೆ ಹೀಗಾಗುತ್ತದೆ. ಸಂಬಳ 26,000, ರಜೆ ನಗದು 38,750, ಒಟ್ಟು 64,750. ಕಡಿತ ಪಿಎಫ್ 1,560, ವೃತ್ತಿ ತೆರಿಗೆ 200, ನೋಟಿಸ್ 14,000, ಒಟ್ಟು 15,760. ಕೈಗೆ 48,990. ಮೊದಲು ಬಂದ ಹಾಳೆಗಿಂತ 18,790 ರೂಪಾಯಿ ಹೆಚ್ಚು. ಮೂರು ಸಾಲುಗಳಲ್ಲಿ ಒಂದೊಂದು ಅಂಕಿ ತಪ್ಪಿದ್ದಕ್ಕೆ ಇಷ್ಟು ವ್ಯತ್ಯಾಸ.

ಆದಾಯ ತೆರಿಗೆಯ ಸಾಲು ಈ ಹಾಳೆಯಲ್ಲಿಲ್ಲ, ಇರಬೇಕಾಗಿಯೂ ಇಲ್ಲ. 2025–26ರಲ್ಲಿ ಅವಳ ಸಂಬಳದ ಆದಾಯ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆ ಬೀಳದ 12 ಲಕ್ಷದ ಮಿತಿಗಿಂತ ಬಹಳ ಕೆಳಗಿದೆ. ಅದಕ್ಕಿಂತ ಹೆಚ್ಚು ಆದಾಯ ಇರುವವರು ಮಾತ್ರ ಇಲ್ಲಿ ಎಚ್ಚರವಾಗಿರಬೇಕು. ಕೆಲಸದಲ್ಲಿದ್ದಾಗಲೇ ರಜೆ ಮಾರಿಕೊಂಡರೆ ಆ ಹಣಕ್ಕೆ ಪೂರ್ತಿ ತೆರಿಗೆ. ಕೆಲಸ ಬಿಡುವಾಗ, ನಿವೃತ್ತಿಯಿರಲಿ ರಾಜೀನಾಮೆಯಿರಲಿ, ಬಂದ ರಜೆ ನಗದಿಗೆ ವಿನಾಯಿತಿ ಇದೆ, ಹಳೆಯ ಪದ್ಧತಿಯಲ್ಲೂ ಹೊಸತರಲ್ಲೂ. ಪೇರೋಲ್‌ನವರು ಇದನ್ನು 10(10AA) ಎಂಬ ಹಳೆಯ ಕಾಯ್ದೆಯ ಕಲಮಿನ ಹೆಸರಿನಿಂದ ಗುರುತಿಸುತ್ತಾರೆ. ಖಾಸಗಿ ನೌಕರರಿಗೆ ಇದರ ಮಿತಿ ಬಹಳ ವರ್ಷ 3 ಲಕ್ಷದಲ್ಲೇ ನಿಂತಿತ್ತು. 2023ರ ಏಪ್ರಿಲ್ 1ರಿಂದ 25 ಲಕ್ಷವಾಗಿದೆ. ಇದು ಇಡೀ ವೃತ್ತಿಜೀವನಕ್ಕೆ ಸೇರಿ ಒಂದೇ ಮಿತಿ, ಪ್ರತಿ ಕಂಪನಿಗೆ ಒಂದೊಂದಲ್ಲ. ಈ ಮಿತಿ, ನಿಜವಾಗಿ ಬಂದ ಹಣ, ಹತ್ತು ತಿಂಗಳ ಸರಾಸರಿ ವೇತನ, ಉಳಿದ ರಜೆಯ ನಗದು ಬೆಲೆ, ಈ ನಾಲ್ಕರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ. ರಜೆಯ ನಗದು ಬೆಲೆಯನ್ನು ತೆರಿಗೆ ಲೆಕ್ಕದಲ್ಲಿ ತಿಂಗಳಿಗೆ 30 ದಿನದಂತೆ ಹಿಡಿಯುವುದರಿಂದ, ಕಂಪನಿ 26ರಿಂದ ಭಾಗಿಸಿ ಕೊಟ್ಟಾಗ ಒಂದು ಸಣ್ಣ ಪಾಲು ವಿನಾಯಿತಿಯ ಹೊರಗೆ ಉಳಿಯುತ್ತದೆ. ಇವಳ ವಿಷಯದಲ್ಲಿ 38,750ರಲ್ಲಿ ಸುಮಾರು 33,583ಕ್ಕೆ ವಿನಾಯಿತಿ, ಉಳಿದ 5,167 ಆದಾಯಕ್ಕೆ ಸೇರುತ್ತದೆ. ಪೂರ್ತಿ ರಜೆ ನಗದನ್ನು ತೆರಿಗೆಗೆ ಒಳಪಡಿಸಿದ ಹಾಳೆ ಬಂದರೆ ಅದನ್ನು ತಿದ್ದಲು ಹೇಳಿ. ತಿದ್ದದಿದ್ದರೆ ರಿಟರ್ನ್ ಸಲ್ಲಿಸುವಾಗ ವಿನಾಯಿತಿ ಕೇಳಿ ವಾಪಸ್ ಪಡೆಯಬಹುದು.

ಗ್ರಾಚ್ಯುಟಿಯ ಸಾಲು ಇವಳ ಹಾಳೆಯಲ್ಲಿ ಇಲ್ಲ, ಇರಬೇಕಾದ್ದೂ ಅಲ್ಲ. ಕಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು, ಇವಳದು ನಾಲ್ಕೂ ತುಂಬಿಲ್ಲ. ‘ಸಿಟಿಸಿಯಲ್ಲಿ ತಿಂಗಳಿಗೆ ಇಷ್ಟು ಗ್ರಾಚ್ಯುಟಿ ಅಂತ ತೋರಿಸಿದ್ದರಲ್ಲ, ಅದೆಲ್ಲಿ’ ಎಂದು ಎಷ್ಟೋ ಜನ ಕೇಳುತ್ತಾರೆ. ಸಿಟಿಸಿಯಲ್ಲಿ ಬರೆದದ್ದು ಕಂಪನಿಯ ಖರ್ಚಿನ ಅಂದಾಜು ಮಾತ್ರ, ನಿಮ್ಮ ಹೆಸರಿನಲ್ಲಿ ಇಟ್ಟ ಠೇವಣಿಯಲ್ಲ. ನಿಗದಿತ ಅವಧಿಯ ಗುತ್ತಿಗೆಯಲ್ಲಿ ಇರುವವರಿಗೆ ಮಾತ್ರ ಹೊಸ ಸಂಹಿತೆಯಲ್ಲಿ ಒಂದು ವರ್ಷದ ಸೇವೆಗೂ ಅದಕ್ಕೆ ತಕ್ಕಷ್ಟು ಗ್ರಾಚ್ಯುಟಿ ಇದೆ.

ಹಣ ಯಾವಾಗ ಬರಬೇಕು? 30 ದಿನ, 45 ದಿನ, ‘ಮುಂದಿನ ಪೇರೋಲ್ ಸೈಕಲ್’ ಎಂಬುದು ಕಂಪನಿಗಳ ರೂಢಿ. ಈಗ ಜಾರಿಯಲ್ಲಿರುವ ವೇತನ ಸಂಹಿತೆಯ 17ನೇ ಕಲಮು ರಾಜೀನಾಮೆ ಕೊಟ್ಟವರನ್ನೂ ಹೆಸರಿಸಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎನ್ನುತ್ತದೆ. ಸಂಬಳ ಇಷ್ಟಕ್ಕಿಂತ ಕಡಿಮೆ ಇರಬೇಕು ಎಂಬ ಷರತ್ತೂ ಇಲ್ಲ. ಶನಿ, ಭಾನು ರಜೆಯಿರುವ ಈ ಕಂಪನಿಯಲ್ಲಿ ಮಾರ್ಚ್ 13ಕ್ಕೆ ಹೊರಟವಳಿಗೆ 17ರ ಮಂಗಳವಾರದೊಳಗೆ ಸಂಬಳ ಸೇರಬೇಕಿತ್ತು. ಗ್ರಾಚ್ಯುಟಿಗೆ ಮಾತ್ರ ಬೇರೆ ಗಡುವು, 30 ದಿನ.

ಇಷ್ಟೆಲ್ಲ ಪರೀಕ್ಷಿಸಲು ಬೇಕಾದ ದಾಖಲೆಗಳು ಇರುವುದು ಆಫೀಸಿನ ಪೋರ್ಟಲ್‌ನಲ್ಲಿ. ಕೊನೆಯ ದಿನ ಲ್ಯಾಪ್‌ಟಾಪ್ ಒಪ್ಪಿಸಿದ ಕೂಡಲೇ ಲಾಗಿನ್ ಮುಚ್ಚುತ್ತದೆ. ಆದ್ದರಿಂದ ರಾಜೀನಾಮೆ ಕೊಟ್ಟ ವಾರದಲ್ಲೇ ರಜೆ ಖಾತೆಯ ಪೂರ್ತಿ ವಿವರ, ಕಳೆದ ಹನ್ನೆರಡು ಪೇಸ್ಲಿಪ್, ನೇಮಕಾತಿ ಪತ್ರ, ರಜೆ ಪಾಲಿಸಿಯಲ್ಲಿ ನಗದೀಕರಣದ ಪುಟ, ರಾಜೀನಾಮೆಯ ಇಮೇಲ್ ಇಷ್ಟನ್ನು ನಿಮ್ಮ ಸ್ವಂತ ಬಳಿ ಇಟ್ಟುಕೊಳ್ಳಿ. ಕಂಪನಿಯ ಗುಟ್ಟಿನ ಕಡತಗಳನ್ನು ಮುಟ್ಟಬೇಡಿ. ಇವು ನಿಮ್ಮ ನೌಕರಿಯ ಕಾಗದಗಳು ಮಾತ್ರ.

ಹಾಳೆ ಬಂದಾಗ ‘ಇದರಲ್ಲಿ ತಪ್ಪಿದೆ, ಸರಿಮಾಡಿ’ ಎಂದು ಒಂದು ಸಾಲು ಬರೆದರೆ ಅದು ಇನ್ನೊಬ್ಬರ ಇನ್‌ಬಾಕ್ಸ್‌ನಲ್ಲಿ ಮಲಗುತ್ತದೆ. ಪ್ರತಿ ಸಾಲಿಗೂ ಹಾಳೆಯ ಅಂಕಿ, ನಿಮ್ಮ ಅಂಕಿ, ಅದಕ್ಕೆ ಆಧಾರವಾದ ಪಾಲಿಸಿಯ ಪುಟ, ಈ ಮೂರನ್ನು ಬರೆದು ಕಳಿಸಿ. ಪೇರೋಲ್‌ನವರು ಸಾಮಾನ್ಯವಾಗಿ ಇಂಥ ಪತ್ರಕ್ಕೆ ಬೇಗ ಉತ್ತರಿಸುತ್ತಾರೆ, ಏಕೆಂದರೆ ಅವರು ಮಾಡಬೇಕಾದ ಪರೀಕ್ಷೆಯನ್ನು ನೀವೇ ಮಾಡಿಕೊಟ್ಟಿರುತ್ತೀರಿ. ‘ಇನ್ನು ಯಾವ ಬಾಕಿಯೂ ಇಲ್ಲ, ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ’ ಎಂಬ ಒಪ್ಪಿಗೆ ಪತ್ರಕ್ಕೆ ಉತ್ತರ ಬರುವ ಮೊದಲು ಸಹಿ ಹಾಕಬೇಡಿ. ಹಾಕಲೇಬೇಕಾದ ಪರಿಸ್ಥಿತಿ ಬಂದರೆ, ಯಾವ ಸಾಲಿಗೆ ಆಕ್ಷೇಪಣೆಯಿದೆ ಎಂಬುದನ್ನು ಸಹಿಯ ಪಕ್ಕದಲ್ಲೇ ಬರೆಯಿರಿ, ಅದರ ಪ್ರತಿ ಇಟ್ಟುಕೊಳ್ಳಿ.

ಕಂಪನಿ ಒಪ್ಪದಿದ್ದರೆ ಕಾರ್ಮಿಕ ಇಲಾಖೆಯ ಬಾಗಿಲಿದೆ. ವೇತನ ಸಂಹಿತೆಯ ಅಡಿ ನೇಮಕವಾದ ಅಧಿಕಾರಿಯ ಮುಂದೆ ಬಾಕಿ ಹಣಕ್ಕೆ ಅರ್ಜಿ ಹಾಕಬಹುದು. ಬಾಕಿ ಬಿದ್ದ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸಲು ಅವಕಾಶವಿದೆ.